ಆಟೋಟ್ಯೂನ್ ಮುಗಿಯಿತು, ಆದರೆ ರೋಲ್‌ನ D ತಳಕ್ಕೆ ಹೋಗಿ ಕೂತಿದೆ: ಕಾರಣ ಹುಡುಕುವ ಬಗೆ

ಡ್ರೋನ್‌ಗೆ ಹೊಸ ಫ್ರೇಮ್ ಕಟ್ಟಿದ್ದೆ. ಮಡಚುವ ನಾಲ್ಕು ಕಾರ್ಬನ್ ತೋಳುಗಳು, 10 ಇಂಚಿನ ಪ್ರೊಪೆಲ್ಲರ್, 4 ಸೆಲ್‌ನ ಲಿಪೊ ಬ್ಯಾಟರಿ, ಎಲ್ಲ ಸೇರಿ ಸುಮಾರು 1.6 ಕೆಜಿ. ಫ್ಲೈಟ್ ಕಂಟ್ರೋಲರ್‌ನಲ್ಲಿ ಆರ್ಡುಪೈಲಟ್, ಕಾಪ್ಟರ್ 4.3. ಡ್ರೋನ್ ತನ್ನನ್ನು ಎಷ್ಟು ಜೋರಾಗಿ ತಿದ್ದಿಕೊಳ್ಳಬೇಕು ಎಂದು ಹೇಳುವ ಗೇನ್ ಸಂಖ್ಯೆಗಳನ್ನು ತಾನೇ ಹುಡುಕುವ ಆಟೋಟ್ಯೂನ್ ಓಡಿಸಿದೆ. ಯಶಸ್ವಿ ಎಂಬ ಸಂದೇಶವೂ ಬಂತು. ಇಳಿಸಿ, ಗೇನ್ ಉಳಿಸಿ, ಮತ್ತೆ ಹಾರಿಸಿದರೆ ಡ್ರೋನ್ ಎಡಕ್ಕೂ ಬಲಕ್ಕೂ ತೊಟ್ಟಿಲು ತೂಗಿದ ಹಾಗೆ ತೂಗುತ್ತಿತ್ತು. ಹಿಂದೆ ಮುಂದೆ ವಾಲಿಸಿದರೆ ಮಾತ್ರ ಗಟ್ಟಿಯಾಗಿ, ಹೇಳಿದ ಮಾತು ಕೇಳುತ್ತಿತ್ತು.

ಪ್ಯಾರಾಮೀಟರ್ ತೆಗೆದು ನೋಡಿದಾಗ ಹೀಗಿತ್ತು:

```
ATC_RAT_RLL_P  0.051
ATC_RAT_RLL_D  0.001
ATC_RAT_PIT_P  0.158
ATC_RAT_PIT_D  0.0048
```

ಇಲ್ಲಿ RLL ಅಂದರೆ ರೋಲ್, ಎಡ ಬಲ ವಾಲುವುದು; PIT ಅಂದರೆ ಪಿಚ್, ಹಿಂದೆ ಮುಂದೆ ವಾಲುವುದು. ಪಿಚ್‌ನ ಸಂಖ್ಯೆಗಳು ಈ ಗಾತ್ರದ ಫ್ರೇಮ್‌ಗೆ ಒಪ್ಪುವಂಥವೇ. ರೋಲ್‌ನ D ಮಾತ್ರ ಸರಿಯಾಗಿ 0.001ಕ್ಕೆ ಬಂದು ನಿಂತಿದೆ. ಇದು ಸುಮ್ನೆ ಬಂದ ಸಂಖ್ಯೆ ಅಲ್ಲ. ನನ್ನ `AUTOTUNE_MIN_D` ಇದ್ದದ್ದು ಅಷ್ಟೇ. ಅಂದರೆ ಆಟೋಟ್ಯೂನ್ D ಯನ್ನು ಇಳಿಸುತ್ತಾ ಹೋಗಿ, ಇನ್ನು ಕೆಳಗೆ ಹೋಗಲು ಜಾಗವಿಲ್ಲದೆ ನಿಂತಿದೆ. ಅದಕ್ಕೆ ಸರಿಯಾದ ಬೆಲೆ ಸಿಕ್ಕಿಲ್ಲ, ತಳ ಸಿಕ್ಕಿದೆ. ಹೊಸ ಆವೃತ್ತಿಗಳಲ್ಲಿ ಈ ತಳದ ಬೆಲೆ ಇನ್ನೂ ಕಡಿಮೆ ಇರುತ್ತದೆ. ಆದ್ದರಿಂದ ನಿಮ್ಮ D ಯನ್ನು ನಿಮ್ಮದೇ `AUTOTUNE_MIN_D` ಜೊತೆ ಹೋಲಿಸಿ, ನನ್ನ 0.001 ಜೊತೆ ಅಲ್ಲ.

ಲಾಗ್‌ನಲ್ಲೂ ಇದರ ಗುರುತು ಇರುತ್ತದೆ. `EV` ಸಾಲುಗಳಲ್ಲಿ 33 ಅಂದರೆ ಆಟೋಟ್ಯೂನ್ ಯಶಸ್ವಿ, 37 ಅಂದರೆ ಗೇನ್ ಉಳಿಸಲಾಯಿತು. ಇವೆರಡನ್ನೂ ಎಲ್ಲರೂ ಹುಡುಕುತ್ತಾರೆ. ಆದರೆ ನೋಡಬೇಕಾದದ್ದು 35. ಮಿತಿ ಮುಟ್ಟಿತು ಎಂದು ಅದರ ಅರ್ಥ. ನನ್ನ ಲಾಗ್‌ನಲ್ಲಿ 33ಕ್ಕೆ ಮೊದಲು 35 ಬಂದು ಹೋಗಿತ್ತು, ನಾನು ಗಮನಿಸಿರಲಿಲ್ಲ. ನನ್ನ ಆವೃತ್ತಿಯಲ್ಲಿ ಮಿತಿ ಮುಟ್ಟಿದರೂ ಆಟೋಟ್ಯೂನ್ ಮುಂದಿನ ಹಂತಕ್ಕೆ ಹೋಗುತ್ತದೆ, ಕೊನೆಗೆ ಯಶಸ್ವಿ ಎಂದೇ ಹೇಳುತ್ತದೆ. ಈ ವಿಷಯದಲ್ಲಿ ಅದರ ಮಾತನ್ನು ಪೂರ್ತಿ ನಂಬಬೇಡಿ.

ಅದು ಒಳಗೆ ಏನು ಮಾಡುತ್ತದೆ

ಕಾರಣ ಹುಡುಕಬೇಕಾದರೆ ಆಟೋಟ್ಯೂನ್ ಏನನ್ನು ಅಳೆಯುತ್ತದೆ ಎಂದು ಗೊತ್ತಿರಬೇಕು. ಅದು ಡ್ರೋನ್ ಅನ್ನು ಸಮವಾಗಿ ನಿಲ್ಲಿಸಿ, ಒಂದು ಅಕ್ಷದಲ್ಲಿ ಚಟಕ್ಕನೆ ಒಂದು ಎಳೆತ ಕೊಡುತ್ತದೆ. ರೋಲ್ ಆದರೆ ಸುಮಾರು 20 ಡಿಗ್ರಿ ವಾಲುತ್ತದೆ. ಆ ಎಳೆತದಲ್ಲಿ ತಿರುಗುವ ವೇಗ ಎಷ್ಟಕ್ಕೆ ಏರಿತು, ಏರಿದ ಮೇಲೆ ಎಷ್ಟಕ್ಕೆ ಇಳಿಯಿತು ಎಂಬುದನ್ನು ಬರೆದಿಟ್ಟುಕೊಳ್ಳುತ್ತದೆ. ತುದಿಗೆ ಹೋಗಿ ಹಿಂದಕ್ಕೆ ಬೀಳುವ ಈ ಇಳಿತವನ್ನು ನಾನು ಪುಟಿತ ಎಂದು ಕರೆಯುತ್ತೇನೆ.

D ಎಂಬುದು ಬ್ರೇಕ್ ಇದ್ದ ಹಾಗೆ. ಬ್ರೇಕ್ ಜಾಸ್ತಿ ಆದರೆ ವೇಗ ತುದಿ ಮುಟ್ಟಿದ ಕೂಡಲೇ ಹಿಂದಕ್ಕೆ ಜಗ್ಗುತ್ತದೆ, ಪುಟಿತ ಕಾಣುತ್ತದೆ. ಆಟೋಟ್ಯೂನ್ ಮೊದಲ ಹಂತದಲ್ಲಿ ಪುಟಿತ ಕಾಣುವ ತನಕ D ಏರಿಸುತ್ತದೆ. ಎರಡನೇ ಹಂತದಲ್ಲಿ ಪುಟಿತ ಮಾಯವಾಗುವ ತನಕ ಇಳಿಸುತ್ತದೆ. ಎಷ್ಟು ಪುಟಿತ ಇದ್ದರೆ ಇದೆ ಎಂದು ಲೆಕ್ಕ? ಅದನ್ನು `AUTOTUNE_AGGR` ಹೇಳುತ್ತದೆ. ನನ್ನಲ್ಲಿ ಅದು 0.1, ಅಂದರೆ ತುದಿಯ ವೇಗದ ಹತ್ತನೇ ಒಂದು ಭಾಗ.

D ಗೊತ್ತಾದ ಮೇಲೆ, ತಪ್ಪಿದಷ್ಟೂ ಜೋರಾಗಿ ತಿದ್ದುವ P ಯ ಸರದಿ. ಬ್ರೇಕ್ ಇಲ್ಲದ ಗಾಡಿಯನ್ನು ಜೋರಾಗಿ ಓಡಿಸಲು ಆಗುತ್ತಾ? ಹಾಗೇ ಇಲ್ಲೂ. D ತಳದಲ್ಲಿದ್ದರೆ P ಸ್ವಲ್ಪ ಏರಿದರೂ ವೇಗ ಗುರಿ ದಾಟಿಬಿಡುತ್ತದೆ, ಆದ್ದರಿಂದ P ಕೂಡ ಕೆಳಗೇ ನಿಲ್ಲುತ್ತದೆ. ರೋಲ್ ಮತ್ತು ಪಿಚ್‌ನಲ್ಲಿ, ಉಳಿದುಹೋದ ತಪ್ಪನ್ನು ನಿಧಾನಕ್ಕೆ ತಿದ್ದುವ I ಯನ್ನು P ಯಷ್ಟೇ ಇಡುವುದು ಆಟೋಟ್ಯೂನ್‌ನ ಪದ್ಧತಿ. ಹಾಗಾಗಿ ಒಂದು D ಕೆಟ್ಟರೆ ಮೂರೂ ಕೆಡುತ್ತವೆ. ನನ್ನ 0.051 ಬಂದದ್ದು ಹೀಗೆ.

ಹಾಗಾದರೆ ಪ್ರಶ್ನೆ ಒಂದೇ: D ಇಷ್ಟು ಇಳಿದರೂ ಪುಟಿತ ಯಾಕೆ ಮಾಯವಾಗಲಿಲ್ಲ?

ನಾನು ಮೊದಲು ಹಿಡಿದ ತಪ್ಪು ದಾರಿ

ನನಗೆ ಮೊದಲು ಅನುಮಾನ ಬಂದದ್ದು ಕಂಪನದ ಮೇಲೆ. ತಿರುಗುವ ವೇಗ ಅಳೆಯುವ ಗೈರೋಗೆ ಮೋಟಾರ್‌ನ ಕಂಪನ ಸೇರಿಕೊಂಡರೆ ವೇಗದ ಗೆರೆ ಗರಗಸದ ಹಲ್ಲಿನಂತೆ ಆಗುತ್ತದೆ. ಪ್ರತಿ ಹಲ್ಲೂ ಆಟೋಟ್ಯೂನ್‌ಗೆ ಪುಟಿತದಂತೆ ಕಂಡೀತು. D ತಳ ಮುಟ್ಟಿತು ಎಂದಾಗ ಸಾಮಾನ್ಯವಾಗಿ ಸಿಗುವ ಸಲಹೆಯೂ ಇದೇ, ಒಂದು ತಾಳದ ಕಂಪನವನ್ನಷ್ಟೇ ಸೋಸಿ ತೆಗೆಯುವ ನಾಚ್ ಫಿಲ್ಟರ್ ಹಾಕು ಎಂದು. ಹಾಕಿದೆ.

ಅದಕ್ಕೆ `INS_LOG_BAT_MASK` 1, `INS_LOG_BAT_OPT` 4 ಇಟ್ಟು ಎರಡು ನಿಮಿಷ ಒಂದೇ ಕಡೆ ತೇಲಿಸಿದೆ. 4 ಇಟ್ಟರೆ ಫಿಲ್ಟರ್‌ಗೆ ಮೊದಲಿನದೂ ನಂತರದ್ದೂ ಎರಡೂ ಲಾಗ್ ಆಗುತ್ತವೆ. ಮಿಷನ್ ಪ್ಲಾನರ್‌ನಲ್ಲಿ ಕಂಪನವನ್ನು ಹರ್ಟ್ಜ್ ಲೆಕ್ಕದಲ್ಲಿ ಬಿಡಿಸಿ ತೋರಿಸುವ ಎಫ್‌ಎಫ್‌ಟಿಯಲ್ಲಿ 88 ಹರ್ಟ್ಜ್ ಹತ್ತಿರ ಒಂದು ಎತ್ತರದ ಗೋಪುರ, ಅದರ ದುಪ್ಪಟ್ಟಿನಲ್ಲಿ ಇನ್ನೊಂದು ಚಿಕ್ಕದು. 88 ಅಂದರೆ ನಿಮಿಷಕ್ಕೆ 5,280 ಸುತ್ತು. 10 ಇಂಚಿನ ಪ್ರೊಪೆಲ್ಲರ್ ಈ ತೂಕ ಎತ್ತಿಕೊಂಡು ತೇಲುವಾಗ ತಿರುಗುವ ವೇಗ ಅದು. ನಾಚ್ ಹೀಗೆ ಇಟ್ಟೆ:

```
INS_HNTCH_ENABLE  1
INS_HNTCH_MODE    1
INS_HNTCH_REF     0.30
INS_HNTCH_FREQ    88
INS_HNTCH_BW      44
```

`REF` ಅನ್ನುವುದು ತೇಲುವಾಗಿನ ಥ್ರಾಟಲ್. ಅದನ್ನು `MOT_THST_HOVER` ನಿಂದ ನೋಡಿ ಹಾಕಿದೆ. ಮತ್ತೆ ಹಾರಿಸಿದಾಗ ಫಿಲ್ಟರ್ ನಂತರದ ಗೆರೆಯಲ್ಲಿ ಗೋಪುರ ಇರಲೇ ಇಲ್ಲ. ಚೆನ್ನಾಗಾಯಿತು ಎಂದು ಖುಷಿಯಿಂದ ರೋಲ್ ಆಟೋಟ್ಯೂನ್ ಮಾಡಿದೆ. D ಮತ್ತೆ 0.001. ಒಂದು ಬ್ಯಾಟರಿ ಪೂರ್ತಿ ಖರ್ಚು.

ನಾಚ್ ಹಾಕಿದ್ದು ವ್ಯರ್ಥ ಅಂತ ಅಲ್ಲ, ಅದು ಹೇಗೂ ಬೇಕಿತ್ತು. ಆದರೆ ಹಾಕುವ ಮೊದಲೇ ಒಂದು ಮಾತು ಯೋಚಿಸಬೇಕಿತ್ತು. ಮೋಟಾರ್‌ಗಳು ನಾಲ್ಕೂ ರೋಲ್‌ಗೂ ಸೇರಿವೆ, ಪಿಚ್‌ಗೂ ಸೇರಿವೆ. ತಪ್ಪು ಮೋಟಾರ್ ಕಂಪನದ್ದಾದರೆ ಪಿಚ್ ಅಷ್ಟು ಚೆನ್ನಾಗಿ ಹೇಗೆ ಟ್ಯೂನ್ ಆಯಿತು? ಸಡಿಲ ತೋಳು ಇದ್ದರೂ ಇದೇ ಮಾತು. ಎಕ್ಸ್ ಆಕಾರದ ಫ್ರೇಮ್‌ನಲ್ಲಿ ಒಂದು ತೋಳಿನ ಕೀಲು ಆಡಿದರೆ ಅದು ಎರಡೂ ಅಕ್ಷವನ್ನು ಕೆಡಿಸುತ್ತದೆ. ಒಂದೇ ಅಕ್ಷ ಕೆಟ್ಟಿದೆ ಎಂದರೆ ಆ ದಿಕ್ಕಿನಲ್ಲಿ ಮಾತ್ರ ಆಡುವ ವಸ್ತು ಏನೋ ಇದೆ.

ಲಾಗ್ ಹೇಳಿದ್ದು

ಎರಡನೇ ಸಲದ ಲಾಗ್‌ನಿಂದ `ATUN` ಸಾಲುಗಳನ್ನು ತೆಗೆದೆ. ಪ್ರತಿ ಎಳೆತಕ್ಕೆ ಒಂದು ಸಾಲು. ಇದರಲ್ಲಿ `Axis` 0 ಅಂದರೆ ರೋಲ್, 1 ಅಂದರೆ ಪಿಚ್. `TuneStep` 1 ಅಂದರೆ D ಇಳಿಸುವ ಹಂತ. `Max` ತುದಿಯ ವೇಗ, `Min` ಆಮೇಲೆ ಇಳಿದ ವೇಗ, ಎರಡೂ ಸೆಕೆಂಡಿಗೆ ಡಿಗ್ರಿಗಳಲ್ಲಿ. `RD` ಆ ಎಳೆತದಲ್ಲಿದ್ದ D. ಪಿಚ್‌ನ ಸಾಲುಗಳನ್ನು ಹೋಲಿಕೆಗೆ ಮೊದಲ ಹಾರಾಟದ ಲಾಗ್‌ನಿಂದ ತಂದಿದ್ದೇನೆ.

```
Axis TuneStep  Min  Max  RD
0    1         121  149  0.0031
0    1         120  147  0.0018
0    1         121  148  0.0010
1    1         122  148  0.0062
1    1         139  149  0.0048
```

ಲೆಕ್ಕ ಸುಲಭ. ತುದಿಯಿಂದ ಇಳಿದದ್ದನ್ನು ಕಳೆದು ತುದಿಯಿಂದಲೇ ಭಾಗಿಸಿ. ಪಿಚ್‌ನ ಮೊದಲ ಸಾಲಿನಲ್ಲಿ 148ರಿಂದ 122 ಹೋದರೆ 26, ಅದನ್ನು 148ರಿಂದ ಭಾಗಿಸಿದರೆ 0.18 ಹತ್ತಿರ. 0.1ಕ್ಕಿಂತ ಜಾಸ್ತಿ, ಆದ್ದರಿಂದ D ಇಳಿಸಿತು. D 0.0048ಕ್ಕೆ ಬಂದಾಗ ಪುಟಿತ 0.07. ಸಾಕು ಎಂದು ನಿಂತಿತು. ಬ್ರೇಕ್ ಬಿಟ್ಟಂತೆ ಪುಟಿತ ಕರಗಿದೆ. ಆಟೋಟ್ಯೂನ್ ನಡೆಯಬೇಕಾದ ಬಗೆ ಇದು.

ಈಗ ರೋಲ್ ನೋಡಿ. D 0.0031 ಇದ್ದಾಗ ಪುಟಿತ 0.19. ಹೆಚ್ಚು ಕಡಿಮೆ ಅರ್ಧಕ್ಕೆ, 0.0018ಕ್ಕೆ ಇಳಿದಾಗ 0.18. ಮೂರನೇ ಒಂದು ಭಾಗಕ್ಕೆ ಇಳಿದಾಗಲೂ 0.18. ಪುಟಿತ ಅಲುಗಲೇ ಇಲ್ಲ!

ಇಡೀ ಹುಡುಕಾಟದಲ್ಲಿ ನನಗೆ ದಾರಿ ತೋರಿಸಿದ್ದು ಈ ಮೂರು ಸಾಲು. D ಯನ್ನು ಮೂರನೇ ಒಂದು ಭಾಗ ಮಾಡಿದರೂ ಪುಟಿತ ಹಾಗೇ ಇದೆ ಎಂದರೆ ಆ ಪುಟಿತ D ಯಿಂದ ಹುಟ್ಟಿದ್ದಲ್ಲ. ಡ್ರೋನ್‌ನ ಮೈಯಲ್ಲೇ ಎಲ್ಲೋ ಇದೆ. ಆಟೋಟ್ಯೂನ್‌ಗೆ ಅದು ತಿಳಿಯದು. ಅದರ ಕೈಯಲ್ಲಿರುವುದು D ಒಂದೇ, ಅದನ್ನೇ ಇಳಿಸುತ್ತಾ ಹೋಗಿದೆ ಪಾಪ.

ಇನ್ನೊಂದು ಸಾಲು ನೋಡಿದರೆ ಆ ಪುಟಿತದ ತಾಳವೂ ಸಿಗುತ್ತದೆ. ಎಳೆತದ ಹೊತ್ತಿನಲ್ಲಿ `ATDE` ಎಂಬ ಹೆಸರಿನಲ್ಲಿ ಕೋನ ಮತ್ತು ವೇಗ ಒತ್ತೊತ್ತಾಗಿ ಲಾಗ್ ಆಗುತ್ತವೆ. ಅದರ `Rate` ಗೆರೆ ಎಳೆದು ದೊಡ್ಡದು ಮಾಡಿ ನೋಡಿದೆ. ಒಂದು ಉಬ್ಬಿನಿಂದ ಮುಂದಿನ ಉಬ್ಬಿಗೆ ಸುಮಾರು 110 ಮಿಲಿಸೆಕೆಂಡ್, ಅಂದರೆ ಸೆಕೆಂಡಿಗೆ ಒಂಬತ್ತು ಸಲ. ಮೋಟಾರ್ ಕಂಪನ 88, ಇದು 9. ಎಲ್ಲಿಂದೆಲ್ಲಿಗೆ! ನಾಚ್ ಹಾಕಿದರೂ ಯಾಕೆ ಉಪಯೋಗವಾಗಲಿಲ್ಲ ಎಂಬುದು ಆಗ ಹೊಳೆಯಿತು.

ಹಾಗಾದರೆ 9 ಹರ್ಟ್ಜ್‌ಗೇ ಒಂದು ನಾಚ್ ಹಾಕಿದರೆ ಆಗದಾ ಎಂದು ನಿಮಗೆ ಅನ್ನಿಸಬಹುದು. ಬೇಡ. ಡ್ರೋನ್ ತನ್ನನ್ನು ತಾನು ಸಮವಾಗಿ ಹಿಡಿದುಕೊಳ್ಳಲು ಬೇಕಾದ ಚಲನೆಯೆಲ್ಲ ಇರುವುದು ಇದೇ ಆಸುಪಾಸಿನಲ್ಲಿ. ಅಲ್ಲಿ ಫಿಲ್ಟರ್ ಇಟ್ಟರೆ ಕಂಟ್ರೋಲರ್‌ಗೆ ಸುದ್ದಿ ತಡವಾಗಿ ತಲುಪುತ್ತದೆ, ತೂಗಾಟ ಇನ್ನೂ ಜಾಸ್ತಿಯಾಗುತ್ತದೆ. ಇಷ್ಟು ನಿಧಾನದ ಪುಟಿತಕ್ಕೆ ಸಾಫ್ಟ್‌ವೇರ್‌ನಲ್ಲಿ ಮದ್ದಿಲ್ಲ, ಸ್ಪ್ಯಾನರ್ ಹಿಡಿಯಬೇಕು.

ಕೈಯಲ್ಲಿ ಹಿಡಿದು ನೋಡಿದಾಗ

ಪ್ರೊಪೆಲ್ಲರ್ ಬಿಚ್ಚಿಟ್ಟು ತೋಳುಗಳ ಕೀಲು ನೋಡಿದೆ, ಗಟ್ಟಿ ಇದ್ದವು. ಮೋಟಾರ್ ಸ್ಕ್ರೂ, ಲ್ಯಾಂಡಿಂಗ್ ಕಾಲು, ಫ್ಲೈಟ್ ಕಂಟ್ರೋಲರ್‌ನ ಅಂಟು ಪ್ಯಾಡ್, ಎಲ್ಲ ಸರಿ. ನಾನು ತಲೆ ಕೆರೆದುಕೊಂಡು ಕೂತಿದ್ದಾಗ ನನ್ನ ಹೆಂಡತಿಯ ತಮ್ಮ ಡ್ರೋನ್ ಎತ್ತಿಕೊಂಡು, ಮೊರದಲ್ಲಿ ಅಕ್ಕಿ ಕೇರುವ ಹಾಗೆ ಅಡ್ಡಡ್ಡ ಅಲ್ಲಾಡಿಸಿದ. "ಭಾವ, ಇದರ ಹೊಟ್ಟೆ ಒಂದು ಕಡೆ ಹೋದ್ರೆ ತಲೆ ಇನ್ನೊಂದು ಕಡೆ ಹೋಗ್ತಿದೆಯಲ್ಲಾ" ಅಂದ.

ತಲೆ ಅಂದರೆ ಬ್ಯಾಟರಿ. 480 ಗ್ರಾಂ ತೂಕ, ಇಡೀ ಡ್ರೋನ್‌ನ ಹತ್ತಿರ ಹತ್ತಿರ ಮೂರನೇ ಒಂದು ಭಾಗ. ಮೇಲಿನ ತಟ್ಟೆಯ ಮೇಲೆ ದಪ್ಪ ಸ್ಪಂಜ್ ಹಾಸಿ, ಅದರ ಮೇಲೆ ಬ್ಯಾಟರಿಯನ್ನು ಉದ್ದಕ್ಕೆ ಇಟ್ಟು, ನಡುವೆ ಒಂದೇ ವೆಲ್ಕ್ರೋ ಪಟ್ಟಿ ಬಿಗಿದಿದ್ದೆ. ಉದ್ದದ ದಿಕ್ಕಿನಲ್ಲಿ ಬ್ಯಾಟರಿ ಸುಮಾರು 15 ಸೆಂಟಿಮೀಟರ್ ಊರಿಕೊಂಡಿದೆ, ಆದ್ದರಿಂದ ಹಿಂದೆ ಮುಂದೆ ಅಲುಗದು. ಅಡ್ಡಕ್ಕೆ ಅದರ ಅಗಲ 4 ಸೆಂಟಿಮೀಟರ್ ಅಷ್ಟೇ, ಕೆಳಗೆ ಸ್ಪಂಜು. ಬೆರಳಲ್ಲಿ ತಳ್ಳಿದರೆ ಎಡಕ್ಕೂ ಬಲಕ್ಕೂ ತೂಗುತ್ತದೆ. ಫ್ರೇಮ್ ಎಡಕ್ಕೆ ವಾಲಿದಾಗ ಬ್ಯಾಟರಿ ಒಂದು ಕ್ಷಣ ಹಿಂದೆ ಉಳಿದು, ಆಮೇಲೆ ಬಂದು ಫ್ರೇಮ್‌ಗೆ ಗುದ್ದುತ್ತದೆ. ಪಿಚ್ ಚೆನ್ನಾಗಿದ್ದು ರೋಲ್ ಮಾತ್ರ ಕೆಟ್ಟ ಕಾರಣ ಇದೇ.

ನಂಬಿಕೆ ಬರಲಿ ಎಂದು ಮೊಬೈಲ್‌ನ ಸ್ಲೋ ಮೋಷನ್‌ನಲ್ಲಿ ಚಿತ್ರಿಸಿದೆವು. ಅವನು ಫ್ರೇಮ್ ಅನ್ನು ಗಟ್ಟಿಯಾಗಿ ಮೇಜಿಗೆ ಒತ್ತಿ ಹಿಡಿದ, ನಾನು ಬ್ಯಾಟರಿಯ ತುದಿಗೆ ಬೆರಳಿಂದ ಒಂದು ಪೆಟ್ಟು ಕೊಟ್ಟೆ. ಸೆಕೆಂಡಿಗೆ 240 ಚಿತ್ರ. ಒಂದು ತೂಗಿಗೆ 26-27 ಚಿತ್ರ ಹಿಡಿಯಿತು. 240ನ್ನು 26.5ರಿಂದ ಭಾಗಿಸಿ ನೋಡಿ, 9. ಲಾಗ್‌ನಲ್ಲಿ ಸಿಕ್ಕ ತಾಳವೇ. ಗಾಳಿಯಲ್ಲಿ ತೇಲುವ ಫ್ರೇಮ್‌ಗೂ ಮೇಜಿಗೆ ಒತ್ತಿದ ಫ್ರೇಮ್‌ಗೂ ತಾಳ ಸ್ವಲ್ಪ ಬೇರೆ ಬರುವುದುಂಟು. ನನ್ನದು ಇಷ್ಟು ಹತ್ತಿರ ಬಂದದ್ದು ಒಂಚೂರು ಅದೃಷ್ಟ. ಆದರೆ ನಿಮ್ಮದು 9ರ ಬದಲು 8 ಬಂದರೂ 11 ಬಂದರೂ ಕಳ್ಳ ಸಿಕ್ಕಿದ ಹಾಗೇ. 40 ಬಂದರೆ ಬೇರೆ ಕಡೆ ಹುಡುಕಿ.

ಸರಿಪಡಿಸಿದ್ದು, ಮತ್ತೆ ಓಡಿಸಿದ್ದು

ಸ್ಪಂಜ್ ಕಿತ್ತೆಸೆದೆ. ಅದರ ಜಾಗದಲ್ಲಿ ಒಂದು ಮಿಲಿಮೀಟರ್‌ನ ತೆಳು ರಬ್ಬರ್ ಹಾಳೆ ಅಂಟಿಸಿದೆ, ಜಾರಬಾರದು ಎಂದಷ್ಟೇ. ಒಂದರ ಬದಲು ಎರಡು ಪಟ್ಟಿ, ತುದಿಗಳಿಗೆ ಹತ್ತಿರ. ಪಟ್ಟಿ ತಟ್ಟೆಯ ಸೀಳಿನಿಂದ ಬ್ಯಾಟರಿಯ ಪಕ್ಕಕ್ಕೇ ಅಂಟಿಕೊಂಡು ಮೇಲೇರುವಂತೆ ನೋಡಿಕೊಂಡೆ. ಸೀಳು ದೂರವಿದ್ದರೆ ಪಟ್ಟಿ ಓರೆಯಾಗಿ, ಎಷ್ಟು ಬಿಗಿದರೂ ಆಟ ಉಳಿಯುತ್ತದೆ. ಈಗ ಫ್ರೇಮ್ ಹಿಡಿದು ಅಲ್ಲಾಡಿಸಿದರೆ ಎಲ್ಲ ಒಂದೇ ಕಲ್ಲಿನ ಹಾಗೆ ಅಲ್ಲಾಡಬೇಕು. ಅದೇ ಪರೀಕ್ಷೆ.

ಆಮೇಲೆ ಒಂದು ಮುಖ್ಯ ಕೆಲಸ. ಕೆಟ್ಟ ಗೇನ್‌ಗಳ ಮೇಲೆಯೇ ಮತ್ತೆ ಆಟೋಟ್ಯೂನ್ ಮಾಡಬೇಡಿ. ಅದು ಈಗಿರುವ ಗೇನ್‌ನಿಂದಲೇ ಶುರು ಮಾಡುತ್ತದೆ, ಅಲ್ಲಿಂದ ಮೇಲೇರುವಷ್ಟರಲ್ಲಿ ಬ್ಯಾಟರಿ ಮುಗಿಯುತ್ತದೆ. ರೋಲ್ ಅನ್ನು ಮೊದಲಿನ ಸ್ಥಿತಿಗೆ ತಂದೆ:

```
ATC_RAT_RLL_P   0.135
ATC_RAT_RLL_I   0.135
ATC_RAT_RLL_D   0.0036
ATC_ANG_RLL_P   4.5
ATC_ACCEL_R_MAX 110000
AUTOTUNE_AXES   1
```

ಕೊನೆಯ ಮೂರು ಸಾಲನ್ನು ಬಹಳ ಜನ ಮರೆಯುತ್ತಾರೆ. ಆಟೋಟ್ಯೂನ್ ಕೋನದ P ಯನ್ನೂ ವೇಗೋತ್ಕರ್ಷದ ಮಿತಿಯನ್ನೂ ಬದಲಿಸಿರುತ್ತದೆ, ಅವನ್ನೂ ಹಿಂದಕ್ಕೆ ತರಬೇಕು. `AUTOTUNE_AXES` 1 ಅಂದರೆ ರೋಲ್ ಒಂದೇ. 2 ಪಿಚ್, 4 ಅಂದರೆ ಯಾ, ನಿಂತಲ್ಲೇ ಮೂತಿ ತಿರುಗಿಸುವುದು. ಹೊಸ ಫ್ರೇಮ್‌ನಲ್ಲಿ ಒಂದು ಹಾರಾಟಕ್ಕೆ ಒಂದು ಅಕ್ಷ ಸಾಕು. ಮೂರನ್ನೂ ಒಟ್ಟಿಗೆ ಹಿಡಿದರೆ ಯಾ ಬರುವ ಹೊತ್ತಿಗೆ ವೋಲ್ಟೇಜ್ ಕುಸಿದಿರುತ್ತದೆ.

ವೋಲ್ಟೇಜ್ ಮಾತು ಬಂತು, ಅದನ್ನೂ ನೋಡಿಬಿಡಿ. 4 ಸೆಲ್‌ಗೆ `MOT_BAT_VOLT_MAX` 16.8, `MOT_BAT_VOLT_MIN` 13.2 ಇರಲಿ. 10 ಇಂಚಿಗೆ `MOT_THST_EXPO` 0.65, `INS_GYRO_FILTER` 40ರ ಆಸುಪಾಸು. ವೋಲ್ಟೇಜ್‌ನ ಎರಡೂ ಖಾಲಿ ಇದ್ದರೆ ತುಂಬಿದ ಬ್ಯಾಟರಿಯಲ್ಲಿ ಸಿಕ್ಕ ಗೇನ್ ಅರ್ಧ ಬ್ಯಾಟರಿಗೆ ಹೊಂದುವುದಿಲ್ಲ.

ನಾವು ಹಾರಿಸಿದ್ದು ತುಮಕೂರಿನ ಹೊರಗಿನ ಒಂದು ಬಯಲಿನಲ್ಲಿ. ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಹಸಿರು ವಲಯ ಎಂದು ನೋಡಿಕೊಂಡೇ ಹೋಗಿದ್ದು. ಆಷಾಢದ ಗಾಳಿ ಶುರುವಾಗಿತ್ತು, ಅದಕ್ಕೇ ಬೆಳಗ್ಗೆ ಆರೂಕಾಲಿಗೇ ಮೇಲೆತ್ತಿದೆವು. ಗಾಳಿ ಇದ್ದರೆ ಬರುವ ತೊಂದರೆ ಬೇರೆ ಬಗೆಯದು. ಪ್ರತಿ ಎಳೆತಕ್ಕೆ ಮೊದಲು ಡ್ರೋನ್ ಸಮವಾಗಿ ನಿಲ್ಲಬೇಕು. ಗಾಳಿ ನೂಕುತ್ತಿದ್ದರೆ ನಿಲ್ಲುವುದೇ ಇಲ್ಲ, ಎಳೆತವೇ ಬರುವುದಿಲ್ಲ, ಲೆವೆಲ್ ಆಗುತ್ತಿಲ್ಲ ಎಂಬ ಅರ್ಥದ ಸಂದೇಶ ಬರುತ್ತದೆ. ಆ ಸಂದೇಶ ಬಂದರೆ ಗೇನ್ ಜೊತೆ ಗುದ್ದಾಡಬೇಡಿ, ಇಳಿಸಿ ಮನೆಗೆ ಹೋಗಿ ನಾಳೆ ಬೆಳಗ್ಗೆ ಬನ್ನಿ. ಗಾಳಿಯೇ ಇಲ್ಲದ ದಿನವೂ ಅದೇ ಬಂದರೆ ಶುರುವಿನ ಗೇನ್‌ಗಳೇ ಸರಿಯಿಲ್ಲ, ಮೊದಲು ಕೈಯಿಂದ ಸ್ವಲ್ಪ ಸರಿಮಾಡಿಕೊಳ್ಳಬೇಕು.

ಎತ್ತರ ತಾನೇ ಹಿಡಿದುಕೊಳ್ಳುವ ಆಲ್ಟ್ ಹೋಲ್ಡ್‌ನಲ್ಲಿ ಎಂಟು ಮೀಟರ್ ಏರಿಸಿ ಸ್ವಿಚ್ ಹಾಕಿದೆ. ಎಳೆತ ಶುರುವಾಯಿತು. ತೇಲಿಕೊಂಡು ದೂರ ಹೋದಾಗಲೆಲ್ಲ ಸ್ಟಿಕ್‌ನಿಂದ ಹಿಂದಕ್ಕೆ ತಂದೆ, ಸ್ಟಿಕ್ ಬಿಟ್ಟ ಸ್ವಲ್ಪ ಹೊತ್ತಿಗೆ ಅದು ಬಿಟ್ಟಲ್ಲಿಂದ ಮುಂದುವರಿಸಿತು. ಮೊದಲ ಎರಡು ಸಲಕ್ಕಿಂತ ಎಳೆತಗಳು ಕಣ್ಣಿಗೇ ಬೇರೆ ಕಾಣುತ್ತಿದ್ದವು. ಚಟ್ ಅಂತ ವಾಲಿ, ಟಕ್ ಅಂತ ನಿಲ್ಲುತ್ತಿತ್ತು. ಮೊದಲು ವಾಲಿದ ಮೇಲೆ ಒಂದು ಸಣ್ಣ ಅದುರಾಟ ಇರುತ್ತಿತ್ತು.

ಮುಗಿದ ಮೇಲೆ ಉಳಿಸುವಾಗ ಎಚ್ಚರ. ಸ್ವಿಚ್ ಕೆಳಗೆ ಮಾಡಿದರೆ ಹಳೆಯ ಗೇನ್, ಮೇಲೆ ಮಾಡಿದರೆ ಹೊಸದು. ಹೊಸದರಲ್ಲಿ ರೋಲ್ ಸ್ಟಿಕ್ ಎರಡು ಸಲ ಕುಟುಕಿ ನೋಡಿ. ಇಷ್ಟವಾದರೆ ಸ್ವಿಚ್ ಮೇಲೆ ಇದ್ದ ಹಾಗೇ ಇಳಿಸಿ, ಹಾಗೇ ಡಿಸಾರ್ಮ್ ಮಾಡಿ. ಇಷ್ಟವಾಗದಿದ್ದರೆ ಸ್ವಿಚ್ ಕೆಳಗೆ ಮಾಡಿ ಇಳಿಸಿ, ಏನೂ ಉಳಿಯುವುದಿಲ್ಲ. ಮೊದಲ ದಿನ ನಾನು ಹೀಗೆ ಮಾಡಿದ್ದರೆ ಕೆಟ್ಟ ಗೇನ್ ಉಳಿಯುತ್ತಲೇ ಇರಲಿಲ್ಲ. ಸಂದೇಶ ನೋಡಿ ಹಿಗ್ಗಿ, ಕುಟುಕಿ ನೋಡದೆ ಇಳಿಸಿಬಿಟ್ಟಿದ್ದೆ.

ಈ ಸಲ ಬಂದದ್ದು: ರೋಲ್ P 0.142, D 0.0045. ಪಿಚ್‌ಗಿಂತ ಒಂಚೂರು ಕಡಿಮೆ, ಆದರೆ ಅದೇ ಊರಿನವು. `EV` ನಲ್ಲಿ 35 ಇಲ್ಲ, 33 ಇದೆ, 37 ಇದೆ. `ATUN` ನಲ್ಲಿ ರೋಲ್‌ನ ಪುಟಿತ D ಜೊತೆಗೇ ಇಳಿಯುತ್ತಾ ಬಂದಿದೆ.

ಪಿಚ್ ಅನ್ನೂ ಇನ್ನೊಮ್ಮೆ ಓಡಿಸಿದೆ, ಬ್ಯಾಟರಿ ತೂಕದ ಜಾಗ ಸ್ವಲ್ಪ ಕೆಳಗೆ ಬಂದಿತ್ತಲ್ಲ. P 0.158 ಇದ್ದದ್ದು 0.155 ಆಯಿತು. ಇದಕ್ಕೆ ಒಂದು ಬ್ಯಾಟರಿ ಖರ್ಚು ಮಾಡುವ ಅಗತ್ಯ ಇರಲಿಲ್ಲ. ಯಾ ಇನ್ನೂ ಬಾಕಿ ಇದೆ, ಗಾಳಿ ನಿಂತ ಮೇಲೆ ಮಾಡುತ್ತೇನೆ.